ಬಿಸಿಲೂರಿನ ಮಾಳಿಗೆಗೆ ಯಾವ ಟ್ಯಾಂಕ್: ಪ್ಲಾಸ್ಟಿಕ್, ಕಾಂಕ್ರೀಟ್ ಅಥವಾ ಸ್ಟೀಲ್?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ಐದು ಜನರ ಮನೆ. ಮಾಳಿಗೆಯ ಮೇಲೆ ಸಾವಿರ ಲೀಟರಿನ ಹಳೆಯ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಇದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ನೀರು ಮುಟ್ಟಲಾಗದಷ್ಟು ಕಾಯುತ್ತದೆ, ಒಳಗೆ ಹಸಿರು ಪಾಚಿಯೂ ಕಟ್ಟುತ್ತದೆ. ನಲ್ಲಿ ನೀರು ಮತ್ತು ಬೋರ್ ನೀರು ಎರಡನ್ನೂ ಸಂಪಿಗೆ ಬಿಟ್ಟುಕೊಂಡು ಮೋಟಾರಿನಿಂದ ಏರಿಸುತ್ತೇವೆ. ಟ್ಯಾಂಕ್ ಬದಲಿಸಬೇಕೆಂದಿದ್ದೇವೆ. ಮೇಸ್ತ್ರಿ ಕಾಂಕ್ರೀಟ್ ಕಟ್ಟಿಸಿ ಎನ್ನುತ್ತಾರೆ, ನನ್ನ ತಮ್ಮ ಸ್ಟೀಲ್ ಎನ್ನುತ್ತಾನೆ, ಅಂಗಡಿಯವರು ಪದರಗಳಿರುವ ಬಿಳಿ ಪ್ಲಾಸ್ಟಿಕ್ ತೋರಿಸುತ್ತಾರೆ. ಯಾವುದು ಸರಿ?

ಉತ್ತರ: ನೀವು ಹೇಳಿದ ಪರಿಸ್ಥಿತಿಗೆ ಹೊರಮೈ ಬಿಳಿಯಾಗಿದ್ದು ನಡುವೆ ಕಪ್ಪು ಪದರವಿರುವ ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ನೆರಳು ಮತ್ತು ತಳದಿಂದ ನೀರು ಪೂರ್ತಿ ಹೊರಬಿಡುವ ವಾಲ್ವ್ ಎರಡೂ ಇರಬೇಕು. ಇವಿಲ್ಲದೆ ಬರೀ ಟ್ಯಾಂಕನ್ನು ಬದಲಿಸಿದರೆ, ಯಾವ ವಸ್ತುವಿನದನ್ನೇ ತಂದರೂ ಎರಡು ಬೇಸಿಗೆಯೊಳಗೆ ಇದೇ ದೂರು ಮರಳಿ ಬರುತ್ತದೆ. ಏಕೆಂದರೆ ನೀರು ಎಷ್ಟು ಕಾಯುತ್ತದೆ ಎಂಬುದನ್ನು ಟ್ಯಾಂಕಿನ ವಸ್ತುವಿಗಿಂತ ಹೆಚ್ಚಾಗಿ ಅದರ ಬಣ್ಣ ಮತ್ತು ಒಳಗಿರುವ ನೀರಿನ ಪ್ರಮಾಣ ನಿರ್ಧರಿಸುತ್ತವೆ. ಪಾಚಿಯನ್ನು ನಿರ್ಧರಿಸುವುದು ಒಳಗೆ ಬೀಳುವ ಬೆಳಕು. ಟ್ಯಾಂಕಿನ ವಸ್ತು ನಿಜವಾಗಿ ಮುಖ್ಯವಾಗುವುದು ನಿಮ್ಮ ಬೋರ್ ನೀರಿನ ಉಪ್ಪಿನ ವಿಷಯದಲ್ಲಿ ಮತ್ತು ಮಾಳಿಗೆ ಹೊರಬಲ್ಲ ಭಾರದ ವಿಷಯದಲ್ಲಿ.

ಹೊಸ ಟ್ಯಾಂಕ್ ಕೊಳ್ಳುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ. ಮಧ್ಯಾಹ್ನ ಮೂರು ಗಂಟೆಗೆ ಬಚ್ಚಲಿನ ನಲ್ಲಿಯನ್ನು ಪೂರ್ತಿ ತೆರೆದು ನೀರನ್ನು ಬಕೆಟ್ಟಿಗೆ ಬಿಡಿ. ಮೊದಲ ಅರ್ಧ ಬಕೆಟ್ ಸುಡುವಂತಿದ್ದು, ಆಮೇಲೆ ಬರುವ ನೀರು ಬರೀ ಬೆಚ್ಚಗಿದ್ದರೆ ತಪ್ಪು ಟ್ಯಾಂಕಿನದಲ್ಲ, ಮಾಳಿಗೆಯ ಮೇಲೆ ಬಿಸಿಲಿಗೆ ಒಡ್ಡಿಕೊಂಡು ಹರಿದಿರುವ ಪೈಪಿನದು. ಮುಕ್ಕಾಲು ಇಂಚಿನ ಹದಿನೈದು ಮೀಟರ್ ಪೈಪಿನಲ್ಲಿ ನಾಲ್ಕು ಲೀಟರಿನಷ್ಟು ನೀರು ನಿಂತಿರುತ್ತದೆ, ಆ ನೀರು ಟ್ಯಾಂಕಿನ ನೀರಿಗಿಂತ ಬಹಳ ಬೇಗ ಕಾಯುತ್ತದೆ. ಎರಡು ಮೂರು ಬಕೆಟ್ ತುಂಬಿದರೂ ಬಿಸಿ ಇಳಿಯದಿದ್ದರೆ ಮಾತ್ರ ಟ್ಯಾಂಕನ್ನು ದೂರಬಹುದು. ಪೈಪಿನದೇ ತೊಂದರೆ ಎಂದಾದರೆ, ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆಯನ್ನು ಹಾಕಿ, ಅದು ಬಿಸಿಲಿಗೆ ಪುಡಿಯಾಗದಂತೆ ಮೇಲೊಂದು ಬಿಳಿ ಟೇಪು ಸುತ್ತಿಸಿದರೆ ಸಾಕಾಗುತ್ತದೆ.

ಟ್ಯಾಂಕಿನ ನೀರೇ ಕಾಯುತ್ತಿದೆ ಎಂದುಕೊಳ್ಳೋಣ. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.16 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಏಪ್ರಿಲ್ ತಿಂಗಳಲ್ಲಿ ನಿಮ್ಮ ಕಡೆ ಒಂದು ಚದರ ಮೀಟರ್ ಸಮತಟ್ಟು ಜಾಗದ ಮೇಲೆ ದಿನಕ್ಕೆ ಆರರಿಂದ ಏಳು ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ. ಸಾವಿರ ಲೀಟರಿನ ಟ್ಯಾಂಕಿನ ತಲೆಯ ಭಾಗ ಹೆಚ್ಚುಕಡಿಮೆ ಒಂದು ಚದರ ಮೀಟರ್ ಇರುತ್ತದೆ. ಪಕ್ಕಗಳ ಮೇಲೆ ಬೀಳುವ ಬಿಸಿಲನ್ನೂ ಸೇರಿಸಿದರೆ, ಕಪ್ಪು ಟ್ಯಾಂಕೊಂದು ದಿನಕ್ಕೆ ಅಂದಾಜು ಎಂಟು ಯೂನಿಟ್ ಶಾಖ ಹೀರುತ್ತದೆ. ಹೊರಗೆ ಹೋಗುವ ಶಾಖವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ತುಂಬಿದ ಟ್ಯಾಂಕಿನ ನೀರು ಇದರಿಂದ ಏಳು ಡಿಗ್ರಿಯಷ್ಟು ಏರುತ್ತದೆ. ಅದೇ ಟ್ಯಾಂಕ್ ಅರ್ಧ ಖಾಲಿಯಿದ್ದರೆ ಏರಿಕೆ ಇಮ್ಮಡಿಯ ಹತ್ತಿರಕ್ಕೆ ಹೋಗುತ್ತದೆ. ಐದು ಜನರ ಮನೆಯಲ್ಲಿ ಬೆಳಗಿನ ಸ್ನಾನ, ಪಾತ್ರೆ, ಬಟ್ಟೆ ಮುಗಿಯುವಷ್ಟರಲ್ಲಿ ಅರ್ಧ ಟ್ಯಾಂಕ್ ಖಾಲಿಯಾಗಿರುವುದು ಸಹಜ. ಹಾಗೆ ಅರ್ಧಕ್ಕಿಳಿದ ಕಪ್ಪು ಟ್ಯಾಂಕು ನಡುಮಧ್ಯಾಹ್ನದ ಬಿಸಿಲಿಗೆ ಸಿಗುವುದೇ ನಿಮ್ಮ ತೊಂದರೆಯ ಮೂಲವಿರಬೇಕು.

ಹೊರಮೈ ಬಿಳಿಯಾಗಿದ್ದು ಸ್ವಚ್ಛವಾಗಿದ್ದರೆ ಹೀರುವ ಬಿಸಿಲು ಕಪ್ಪಿನ ಮೂರರಲ್ಲಿ ಒಂದರಷ್ಟಕ್ಕೆ ಇಳಿಯುತ್ತದೆ. ಧೂಳು ಕೂತ ಹಾಗೆ ಈ ಲಾಭ ಕರಗುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು ವ್ಯರ್ಥ ಕೆಲಸವಲ್ಲ. ಕಪ್ಪು ಟ್ಯಾಂಕಿಗೇ ಬಿಳಿ ಬಣ್ಣ ಹೊಡೆದರಾಗದೇ ಎಂದು ಹಲವರು ಕೇಳುತ್ತಾರೆ. ಈ ಜಾತಿಯ ಪ್ಲಾಸ್ಟಿಕ್‌ಗೆ ಸಾಮಾನ್ಯ ಬಣ್ಣ ಅಂಟಿಕೊಳ್ಳುವುದಿಲ್ಲ, ಒಂದೇ ಮಳೆಗಾಲದಲ್ಲಿ ಹಪ್ಪಳೆಯಾಗಿ ಎದ್ದು ಬರುತ್ತದೆ. ಬಣ್ಣಕ್ಕಿಂತ ನೆರಳು ಮೇಲು. ಟ್ಯಾಂಕಿನ ತಲೆಯ ಮೇಲೆ ಒಂದೂವರೆ ಅಡಿ ಅಂತರ ಬಿಟ್ಟು, ಸುತ್ತಲೂ ಗಾಳಿಯಾಡುವಂತೆ ಒಂದು ತಗಡಿನ ಚಪ್ಪರ ಹಾಕಿಸಿ, ಪಶ್ಚಿಮದ ಬದಿಗೆ ನರ್ಸರಿಯವರು ಕಟ್ಟುವ ನೆರಳು ಬಲೆಯನ್ನು ಇಳಿಬಿಡಿ. ಮಧ್ಯಾಹ್ನದ ಮೇಲಿನ ಓರೆ ಬಿಸಿಲನ್ನು ಮೇಲಿನ ಚಪ್ಪರ ತಡೆಯಲಾರದು.

ಕಾಂಕ್ರೀಟ್ ಟ್ಯಾಂಕಿನ ನೀರು ತಣ್ಣಗಿರುತ್ತದೆ ಎಂದು ಮೇಸ್ತ್ರಿಯವರು ಹೇಳುವುದರಲ್ಲಿ ಅರ್ಧ ನಿಜವಿದೆ. ನಾಲ್ಕು ಇಂಚು ದಪ್ಪದ ಗೋಡೆ ಶಾಖವನ್ನು ಪೂರ್ತಿ ತಡೆಯುವುದಿಲ್ಲ, ತನ್ನೊಳಗೆ ಹಿಡಿದಿಟ್ಟುಕೊಂಡು ತಡವಾಗಿ ಒಳಕ್ಕೆ ಬಿಡುತ್ತದೆ. ಹೀಗಾಗಿ ಮಧ್ಯಾಹ್ನ ಎರಡಕ್ಕೆ ಪ್ಲಾಸ್ಟಿಕ್ ಟ್ಯಾಂಕಿಗಿಂತ ತಣ್ಣಗಿರುವ ನೀರು ರಾತ್ರಿ ಎಂಟಕ್ಕೆ ಅದಕ್ಕಿಂತ ಬೆಚ್ಚಗಿರಬಹುದು. ಹೊರಗೆ ಸುಣ್ಣ ಬಳಿದರೆ ಕಾಂಕ್ರೀಟ್ ನಿಜವಾಗಿಯೂ ಚೆನ್ನಾಗಿ ನಡೆದುಕೊಳ್ಳುತ್ತದೆ. ಸ್ಟೀಲಿನ ಕಥೆ ಬೇರೆ. ಹೊಳಪಿರುವುದರಿಂದ ಅದು ಒಂದಿಷ್ಟು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಆದರೆ ಹೀರಿಕೊಂಡದ್ದನ್ನು ಒಂದು ಮಿಲಿಮೀಟರಿಗಿಂತ ತೆಳುವಾದ ತಗಡು ತಡೆಯಿಲ್ಲದೆ ನೀರಿಗೆ ದಾಟಿಸುತ್ತದೆ. ಹೊಳೆಯುವ ಲೋಹ ರಾತ್ರಿ ಶಾಖ ಸೂಸುವುದೂ ಕಡಿಮೆ. ನಡುವೆ ಫೋಮ್ ತುಂಬಿದ ಎರಡು ಗೋಡೆಯ ಸ್ಟೀಲ್ ಟ್ಯಾಂಕುಗಳಿವೆ, ಅವು ಈ ದೋಷವನ್ನು ನೀಗಿಸುತ್ತವೆ, ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಒಂದು ಮಿತಿಯನ್ನು ಒಪ್ಪಿಕೊಳ್ಳಬೇಕು. ಮೇ ತಿಂಗಳಲ್ಲಿ ಹಗಲು 42 ಡಿಗ್ರಿ, ನಸುಕಿನಲ್ಲಿ 27 ಡಿಗ್ರಿ ಇರುವ ಊರಿನಲ್ಲಿ ಪೂರ್ತಿ ನೆರಳಿನಲ್ಲಿಟ್ಟ ಟ್ಯಾಂಕಿನ ನೀರೂ 33 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅದಕ್ಕಿಂತ ತಣ್ಣಗಿನ ನೀರು ನಿಮ್ಮ ಮನೆಯಲ್ಲಿ ಇರುವುದು ನೆಲದೊಳಗಿನ ಸಂಪಿನಲ್ಲಿ. ಬೆಳಗಿನ ಬಳಕೆ ಮುಗಿದ ಕೂಡಲೇ, ಹತ್ತು ಗಂಟೆಯೊಳಗೆ, ಟ್ಯಾಂಕನ್ನು ಕಂಠದವರೆಗೆ ತುಂಬಿಸಿದರೆ ಬಿಸಿಲು ಏರುವ ಹೊತ್ತಿಗೆ ಒಳಗೆ ಪೂರ್ಣ ಪ್ರಮಾಣದ ನೀರಿರುತ್ತದೆ. ಸಂಜೆ ಐದರ ಹೊತ್ತಿಗೆ ಮತ್ತೊಮ್ಮೆ ಮೋಟಾರು ಹಾಕಿದರೆ ಸಂಪಿನ ತಂಪು ನೀರು ಬೆರೆತು ರಾತ್ರಿಯ ಸ್ನಾನಕ್ಕೆ ಹದವಾಗುತ್ತದೆ. ಇದಕ್ಕೆ ಖರ್ಚೇನೂ ಇಲ್ಲದಿರುವುದರಿಂದ ಈಗಿನ ಟ್ಯಾಂಕಿನ ಮೇಲೆಯೇ ಒಂದು ವಾರ ಮಾಡಿ ನೋಡಬಹುದು.

ಇನ್ನು ಪಾಚಿ. ಕಪ್ಪು ಗೋಡೆಯ ಮೂಲಕ ಬೆಳಕು ಹಾಯುವುದಿಲ್ಲ, ಬೆಳಕಿಲ್ಲದೆ ಹಸಿರು ಪಾಚಿ ಬೆಳೆಯುವುದಿಲ್ಲ. ನಿಮ್ಮ ಕಪ್ಪು ಟ್ಯಾಂಕಿನೊಳಗೆ ಹಸಿರು ಕಂಡಿದ್ದರೆ ಬೆಳಕು ಬೇರೆ ದಾರಿಯಿಂದ ಬಂದಿದೆ ಎಂದೇ ಅರ್ಥ. ಹಸಿರು ಎಲ್ಲಿ ದಟ್ಟವಾಗಿದೆ ಎಂದು ನೋಡಿದರೆ ಆ ದಾರಿ ತಾನೇ ಗೊತ್ತಾಗುತ್ತದೆ. ಬಾಯಿಯ ಸುತ್ತ ಉಂಗುರದಂತೆ ಹಬ್ಬಿದ್ದರೆ ಮುಚ್ಚಳ ಸೀಳಿದೆ ಅಥವಾ ಬಿಸಿಲಿಗೆ ಬಾಗಿ ಕೂರುತ್ತಿಲ್ಲ. ಒಂದೇ ಪಕ್ಕದಲ್ಲಿ ಅಂಗೈಯಗಲದ ತೇಪೆಯಂತಿದ್ದರೆ ಅದರ ಎದುರಿಗಿರುವ ಓವರ್‌ಫ್ಲೋ ಪೈಪಿನ ಬಾಯಿಂದ ಬೆಳಕು ಬೀಳುತ್ತಿದೆ. ಗೋಡೆಯ ತುಂಬ ಒಂದೇ ಸಮನೆ ಹಸಿರಿದ್ದರೆ ಮಾತ್ರ ಗೋಡೆಯೇ ಬೆಳಕು ಬಿಡುತ್ತಿದೆ ಎನ್ನಬೇಕು. ಒಂದೇ ಪದರದ ತೆಳು ಬಿಳಿ ಅಥವಾ ತಿಳಿ ಬಣ್ಣದ ಟ್ಯಾಂಕುಗಳಲ್ಲಿ ಹೀಗಾಗುತ್ತದೆ. ಕೆಂಗಂದು ಅಥವಾ ಕಪ್ಪು ಬಣ್ಣದ ಜಾರುವ ಪೊರೆ ಪಾಚಿಯಲ್ಲ. ಅದು ಕಬ್ಬಿಣ, ಮ್ಯಾಂಗನೀಸ್ ಇರುವ ಬೋರ್ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಕಟ್ಟುವ ಲೋಳೆ, ಕತ್ತಲಲ್ಲೂ ಬೆಳೆಯುತ್ತದೆ. ಬಿಳಿ ಹಕ್ಕಳೆ ಎಂದರೆ ನೀರಿನ ಗಡಸುತನ. ಇವೆರಡಕ್ಕೂ ಟ್ಯಾಂಕಿನ ವಸ್ತು ಬದಲಿಸಿ ಪ್ರಯೋಜನವಿಲ್ಲ.

ಹೊಸ ಬಿಳಿ ಟ್ಯಾಂಕನ್ನು ಆರಿಸುವಾಗ ಅಂಗಡಿಯವರು ಎಷ್ಟು ಪದರ ಎಂದು ಹೇಳುತ್ತಾರೆ ಎಂಬುದಕ್ಕಿಂತ ಬೆಳಕು ಹಾಯುತ್ತದೆಯೇ ಎಂಬುದನ್ನು ನೀವೇ ನೋಡಿಕೊಳ್ಳುವುದು ಮೇಲು. ಅಂಗಡಿಯ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದ ಖಾಲಿ ಟ್ಯಾಂಕಿನೊಳಗೆ, ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ, ಒಂದು ಬಟ್ಟೆಯ ಚೀಲದಲ್ಲಿ ಕ್ಯಾಮೆರಾ ಮಾತ್ರ ಹೊರಗೆ ಕಾಣುವಂತಿಟ್ಟು ಇಳಿಬಿಡಿ. ಮುಚ್ಚಳ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆದು ನೋಡಿ. ಒಳ್ಳೆಯ ಟ್ಯಾಂಕಿನಲ್ಲಿ ವಿಡಿಯೊ ಕಪ್ಪಾಗಿರುತ್ತದೆ, ಹೆಚ್ಚೆಂದರೆ ಮುಚ್ಚಳದ ಅಂಚಿನಲ್ಲಿ ಒಂದು ಗೆರೆ ಕಾಣಬಹುದು. ಗೋಡೆ ಮಂದವಾಗಿ ಹೊಳೆಯುವುದು ಕಂಡರೆ ಆ ಟ್ಯಾಂಕನ್ನು ಬಿಟ್ಟುಬಿಡಿ. ಒಳಗಿನ ಪದರ ಬಿಳಿಯಾಗಿರುವುದು ನನಗೆ ಇಷ್ಟ, ಏಕೆಂದರೆ ಕೊಳೆ ಕೂತದ್ದು ಕಪ್ಪಿನ ಮೇಲೆ ಕಾಣುವುದಿಲ್ಲ, ಬಿಳಿಯ ಮೇಲೆ ಒಂದೇ ನೋಟಕ್ಕೆ ಕಾಣುತ್ತದೆ. ಟ್ಯಾಂಕಿನ ಮೇಲೆ ಐಎಸ್‌ಐ ಗುರುತಿನೊಂದಿಗೆ IS 12701 ಎಂದು ಅಚ್ಚೊತ್ತಿರಬೇಕು. ಮುಚ್ಚಳ ತೆರೆದಾಗ ಸುಟ್ಟ ರಬ್ಬರಿನಂಥ ಘಾಟು ಬಂದರೆ ಮರುಬಳಕೆಯ ಪ್ಲಾಸ್ಟಿಕ್ ಸೇರಿರುವ ಸಂಶಯವಿದೆ.

ಸ್ಟೀಲ್ ಮತ್ತು ಕಾಂಕ್ರೀಟ್ ಗೋಡೆಗಳು ಬೆಳಕನ್ನು ಪೂರ್ತಿ ತಡೆಯುತ್ತವೆ. ಅಷ್ಟರಮಟ್ಟಿಗೆ ಎರಡೂ ನಿರಾಳ. ಆದರೆ ಕಾಂಕ್ರೀಟ್ ಟ್ಯಾಂಕಿನ ಮೇಲೆ ಹೆಚ್ಚಾಗಿ ಕಲ್ಲಿನ ಹಾಸನ್ನೋ ತಗಡನ್ನೋ ಸುಮ್ಮನೆ ಮುಚ್ಚಿರುತ್ತಾರೆ. ಅದರ ಸಂದಿಯಿಂದ ಬರುವ ಬೆಳಕು, ಗಾರೆಯ ಒರಟು ಮೈ ಮತ್ತು ಚೌಕ ಮೂಲೆಗಳು ಸೇರಿದರೆ ಪಾಚಿಗೆ ಇನ್ನೇನೂ ಬೇಕಿಲ್ಲ. ನುಣುಪಾದ ಪ್ಲಾಸ್ಟಿಕ್ ಮೇಲಿನ ಪಾಚಿ ಸ್ಪಂಜಿಗೆ ಬಿಟ್ಟುಬರುತ್ತದೆ. ಗಾರೆಯ ಸೂಕ್ಷ್ಮ ರಂಧ್ರಗಳಲ್ಲಿ ಕೂತದ್ದು ಉಜ್ಜಿದ ಮೇಲೂ ಉಳಿದು, ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತದೆ.

ಇಷ್ಟಾದರೆ ನಿಮ್ಮ ತಮ್ಮನವರು ಹೇಳುವ ಸ್ಟೀಲನ್ನು ಏಕೆ ಬೇಡವೆನ್ನುತ್ತೇನೆ ಎಂಬುದಕ್ಕೆ ಕಾರಣ ನಿಮ್ಮ ಬೋರ್‌ವೆಲ್. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೇಲಿರುವ ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡ್ ಪೊರೆ. ನೀರಿನಲ್ಲಿರುವ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಆ ಪೊರೆಯನ್ನು ಅಲ್ಲಲ್ಲಿ ಒಡೆದು ಸೂಜಿಮೊನೆಯಷ್ಟು ಗುಳಿ ತೋಡುತ್ತದೆ, ನೀರು ಬಿಸಿಯಾದಷ್ಟೂ ಈ ಕೆಲಸ ಚುರುಕಾಗುತ್ತದೆ. ಸಾಮಾನ್ಯವಾಗಿ ಮಾರುವ 304 ದರ್ಜೆಯ ಸ್ಟೀಲಿಗೆ ಲೀಟರಿಗೆ 200 ಮಿಲಿಗ್ರಾಂ ಕ್ಲೋರೈಡ್ ಎಂಬುದು ಎಂಜಿನಿಯರುಗಳು ಇಟ್ಟುಕೊಳ್ಳುವ ಮೇಲಿನ ಗೆರೆ. ಕುಡಿಯುವ ನೀರಿನ ಭಾರತೀಯ ಮಾನಕವಾದ IS 10500 ಇದಕ್ಕಿಂತ ಸಡಿಲ: 250 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1000 ಮಿಲಿಗ್ರಾಂವರೆಗೂ ಒಪ್ಪಿಗೆ. ಅಂದರೆ ಪರೀಕ್ಷೆಯಲ್ಲಿ ಕುಡಿಯಲು ಯೋಗ್ಯ ಎಂದು ಬಂದ ನೀರೇ ಸ್ಟೀಲ್ ಟ್ಯಾಂಕನ್ನು ತಿನ್ನಬಹುದು. ಗುಳಿ ಮೊದಲು ಕಾಣಿಸಿಕೊಳ್ಳುವುದು ಬೆಸುಗೆಯ ಗೆರೆಯ ಮೇಲೆ, ನೀರು ಏರಿಳಿಯುವ ಅಂಚಿನಲ್ಲಿ ಮತ್ತು ತಳದ ಕೆಸರಿನ ಅಡಿಯಲ್ಲಿ. ಹೊರಗೆ ಬೆಸುಗೆಯ ಪಕ್ಕದಲ್ಲಿ ಕಂದು ಚುಕ್ಕೆಯೊಂದು ಮೂಡಿ, ಒರೆಸಿದರೂ ವಾರದೊಳಗೆ ಮರಳಿ ಬಂದರೆ ಅಲ್ಲಿ ತೂತು ಬಿದ್ದಿದೆ ಎಂದೇ ತಿಳಿಯಬೇಕು.

ಅಂಗಡಿಯಲ್ಲಿ ಆಯಸ್ಕಾಂತ ಹಿಡಿದು, ಅಂಟಲಿಲ್ಲ ನೋಡಿ, ಇದು 304 ಎಂದು ತೋರಿಸುವುದುಂಟು. ಅಗ್ಗದ 202 ದರ್ಜೆಯ ಸ್ಟೀಲಿಗೂ ಆಯಸ್ಕಾಂತ ಹೆಚ್ಚಾಗಿ ಅಂಟುವುದಿಲ್ಲ, ಆದರೆ ಅದು ಉಪ್ಪುನೀರಿಗೆ ಇನ್ನೂ ಬೇಗ ಸೋಲುತ್ತದೆ. ದರ್ಜೆಯನ್ನು ಬಿಲ್ಲಿನಲ್ಲಿ ಬರೆದುಕೊಡದಿದ್ದರೆ ಆ ಪರೀಕ್ಷೆಗೆ ಬೆಲೆಯಿಲ್ಲ.

ಕಾಂಕ್ರೀಟನ್ನು ನಾನು ಕೈಬಿಡುವುದು ಮುಖ್ಯವಾಗಿ ಭಾರಕ್ಕಾಗಿ. ಸಾವಿರ ಲೀಟರ್ ನೀರೇ ಒಂದು ಟನ್. ನಾಲ್ಕು ಇಂಚಿನ ಗೋಡೆ, ತಳ, ಮೇಲುಹಾಸು ಸೇರಿದರೆ ಕಾಂಕ್ರೀಟಿನದೇ ಮತ್ತೆ ಒಂದೂವರೆಯಿಂದ ಎರಡು ಟನ್ ಆಗುತ್ತದೆ. ಓಡಾಡುವ ಮಾಳಿಗೆಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋ ಹೆಚ್ಚುವರಿ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ಆದ್ದರಿಂದ ಪ್ಲಾಸ್ಟಿಕ್ ಟ್ಯಾಂಕನ್ನು ಸಹ ಸ್ಲ್ಯಾಬಿನ ನಡುವೆ ಇಡಬಾರದು, ಕೆಳಗೆ ಕಂಬ ಅಥವಾ ತೊಲೆ ಇರುವ ಕಡೆಗೇ ಇಡಬೇಕು. ಮೊದಲಿನ ನಕ್ಷೆಯಲ್ಲೇ ಲೆಕ್ಕ ಹಾಕದೆ ಹಳೆಯ ಮನೆಯ ಮೇಲೆ ಕಾಂಕ್ರೀಟ್ ಟ್ಯಾಂಕ್ ಏರಿಸುವುದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಬೇಕು, ಮೇಸ್ತ್ರಿಯವರ ಅನುಭವ ಸಾಲದು. ಬಿಸಿಲು ಮತ್ತು ತಂಪಿಗೆ ಹಿಗ್ಗಿ ಕುಗ್ಗುವ ಮಾಳಿಗೆಯ ಮೇಲೆ ಅಂಥ ಟ್ಯಾಂಕಿಗೆ ಕೂದಲೆಳೆಯ ಬಿರುಕು ಬಿಡುವುದೂ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಗಾರೆಯನ್ನು ಹೊರದಬ್ಬುವುದೂ ಅಪರೂಪವಲ್ಲ. ಮನೆ ಹೊಸದಾಗಿ ಕಟ್ಟುತ್ತಿದ್ದು ಐದು ಸಾವಿರ ಲೀಟರಿಗಿಂತ ಹೆಚ್ಚು ಬೇಕಾಗಿದ್ದರೆ ನಾನೂ ಕಾಂಕ್ರೀಟಿನ ಕಡೆಗೆ ಒಲಿಯುತ್ತಿದ್ದೆ.

ಹೊಸ ಪ್ಲಾಸ್ಟಿಕ್ ಟ್ಯಾಂಕನ್ನು ಕೂರಿಸುವ ದಿನ ನೀವೇ ಎದುರಿಗೆ ನಿಂತು ಎರಡು ಕೆಲಸ ಮಾಡಿಸಬೇಕು. ಟ್ಯಾಂಕಿನ ಇಡೀ ತಳ ಕೂರುವಂತೆ, ಅದಕ್ಕಿಂತ ನಾಲ್ಕು ಬೆರಳು ಅಗಲವಾದ, ಮಟ್ಟಸವಾದ ಕಟ್ಟೆ ಇರಬೇಕು. ಎರಡು ಗೋಡೆಗಳ ಮೇಲೋ ಆಂಗಲ್ ಸ್ಟ್ಯಾಂಡಿನ ಪಟ್ಟಿಗಳ ಮೇಲೋ ಇಟ್ಟರೆ ಸಂದಿಯಿರುವಲ್ಲಿ ತಳ ಜೋತು, ಕೆಲವು ವರ್ಷಗಳಲ್ಲಿ ಸೀಳುತ್ತದೆ. ಎರಡನೆಯದು ತಳದ ವಾಲ್ವ್. ಮನೆಗೆ ನೀರು ಹೋಗುವ ನಿಪ್ಪಲ್ ತಳದಿಂದ ಎರಡು ಮೂರು ಇಂಚು ಮೇಲಿರುವುದು ಸರಿಯೇ, ಕೆಸರು ಮನೆಗೆ ಬರುವುದಿಲ್ಲ. ಆದರೆ ಸಾವಿರ ಲೀಟರಿನ ಟ್ಯಾಂಕಿನಲ್ಲಿ ಎರಡು ಇಂಚು ಎಂದರೆ ಸುಮಾರು ಐವತ್ತು ಲೀಟರ್ ನೀರು, ಅದು ಎಂದೂ ಖಾಲಿಯಾಗದೆ ಕೆಸರಿನೊಂದಿಗೆ ಉಳಿದುಬಿಡುತ್ತದೆ. ಎದುರು ಬದಿಯಲ್ಲಿ, ಗೋಡೆ ಚಪ್ಪಟೆಯಾಗಿರುವ ಜಾಗ ನೋಡಿ, ಸಾಧ್ಯವಾದಷ್ಟು ಕೆಳಗೆ ಒಂದೂಕಾಲು ಇಂಚಿನ ಇನ್ನೊಂದು ನಿಪ್ಪಲ್ ಹಾಕಿಸಿ, ಬಾಲ್ ವಾಲ್ವ್ ಕೂರಿಸಿ, ಕಟ್ಟೆಯನ್ನು ಆ ಕಡೆಗೆ ಒಂದು ನೂಲಿನಷ್ಟು ಮಾತ್ರ ಇಳಿಜಾರು ಮಾಡಿಸಿ. ತಿಂಗಳಿಗೊಮ್ಮೆ ಅದನ್ನು ಒಂದು ನಿಮಿಷ ತೆರೆದರೆ ಅರ್ಧ ಕೆಸರು ತಾನಾಗಿ ಹೋಗುತ್ತದೆ. ಓವರ್‌ಫ್ಲೋ ಪೈಪನ್ನು ಕೆಳಮುಖವಾಗಿ ಬಾಗಿಸಿ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿಸಿದರೆ ಬೆಳಕೂ ಡೆಂಗಿ ಸೊಳ್ಳೆಯೂ ಒಟ್ಟಿಗೆ ನಿಲ್ಲುತ್ತವೆ.

ಪೂರ್ತಿ ತೊಳೆಯುವುದು ಆರು ತಿಂಗಳಿಗೊಮ್ಮೆ, ಬೇಸಿಗೆಗೆ ಮುಂಚೆ ಮತ್ತು ಮಳೆಗಾಲದ ಕೊನೆಗೆ ಇದ್ದರೆ ಒಳ್ಳೆಯದು. ನೀರು ಖಾಲಿ ಮಾಡಿ, ಉದ್ದ ಹಿಡಿಯ ಮೃದು ನೈಲಾನ್ ಬ್ರಷ್ಷಿನಿಂದ ಬಾಯಿಯ ಮೂಲಕವೇ ಉಜ್ಜಿ, ತಳದ ವಾಲ್ವಿನಿಂದ ಹೊರಬಿಡಿ. ತಂತಿ ಬ್ರಷ್ ಪ್ಲಾಸ್ಟಿಕ್ ಮೇಲೆ ಗೀರು ಬಿಡುತ್ತದೆ, ಆ ಗೀರುಗಳೇ ಮುಂದೆ ಲೋಳೆಗೆ ನೆಲೆಯಾಗುತ್ತವೆ. ನಂತರ ಟ್ಯಾಂಕ್ ತುಂಬಿಸಿ ಬ್ಲೀಚಿಂಗ್ ಪೌಡರ್ ಹಾಕಬೇಕು. ಸಾವಿರ ಲೀಟರಿಗೆ 50 ಗ್ರಾಂ ಕ್ಲೋರಿನ್ ಬೇಕು, ಶೇಕಡಾ 25ರ ಬಲವಿರುವ ಹೊಸ ಪುಡಿಯಾದರೆ 200 ಗ್ರಾಂ ಆಯಿತು. ಪುಡಿಯನ್ನು ನೇರ ಸುರಿಯದೆ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಬಿಡಿ. ಮನೆಯ ಎಲ್ಲ ನಲ್ಲಿಗಳನ್ನು ಕ್ಲೋರಿನ್ ವಾಸನೆ ಬರುವವರೆಗೆ ತೆರೆದು ಮುಚ್ಚಿ, ನಾಲ್ಕು ಗಂಟೆ ಹಾಗೇ ಬಿಟ್ಟು, ಪೂರ್ತಿ ಹೊರಚೆಲ್ಲಿ ಹೊಸ ನೀರು ತುಂಬಿಸಿ. ಆ ನೀರನ್ನು ಗಿಡಗಳಿಗೆ ಬಿಡಬೇಡಿ. ಗಡಸುನೀರಿನ ಹಕ್ಕಳೆ ತೆಗೆಯಲು ಬಚ್ಚಲು ತೊಳೆಯುವ ಆಸಿಡ್ ಬಳಸುವ ರೂಢಿ ಕೆಲವು ಕಡೆ ಇದೆ. ಅದು ಕಾಂಕ್ರೀಟನ್ನೂ ಸ್ಟೀಲನ್ನೂ ಕೊರೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬ್ಲೀಚಿಂಗ್ ಪೌಡರಿನೊಂದಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಟ್ಯಾಂಕಿನೊಳಗೆ ತಲೆ ಹಾಕಿದವರ ಪ್ರಾಣಕ್ಕೇ ಅಪಾಯ. ಕಾಂಕ್ರೀಟ್ ಟ್ಯಾಂಕುಗಳನ್ನು ಮನುಷ್ಯ ಒಳಗಿಳಿದೇ ತೊಳೆಯಬೇಕಾಗುವುದರಿಂದ ಈ ಎಚ್ಚರಿಕೆ ಅಲ್ಲಿ ಇನ್ನೂ ಹೆಚ್ಚು ಬೇಕು.

ಈ ನಡುವೆ ಬೋರ್ ನೀರಿನದೊಂದು, ಸಂಪಿನ ಮಿಶ್ರ ನೀರಿನದೊಂದು ಎಂದು ಎರಡು ಬಾಟಲಿ ತುಂಬಿ ಜಿಲ್ಲಾ ಕೇಂದ್ರದ ಯಾವುದಾದರೂ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ಕ್ಲೋರೈಡ್, ಗಡಸುತನ, ಕಬ್ಬಿಣ ಮೂರನ್ನು ಕೇಳಿ ಪಡೆಯಿರಿ. ಬೋರ್ ನೀರಿನ ಕ್ಲೋರೈಡ್ 200ಕ್ಕಿಂತ ಸಾಕಷ್ಟು ಕೆಳಗೆ ಬಂದರೆ, ಮತ್ತು ಬೆಲೆ ನಿಮಗೆ ಅಡ್ಡಿಯಿಲ್ಲದಿದ್ದರೆ, ಫೋಮ್ ತುಂಬಿದ 304 ಸ್ಟೀಲ್ ಟ್ಯಾಂಕಿಗೆ ನನ್ನ ಅಡ್ಡಿಯಿಲ್ಲ. ಆಗ ಖಾಲಿಯಿರುವಾಗ ಗಾಳಿಗೆ ಉರುಳದಂತೆ ಅದನ್ನು ಕಟ್ಟೆಗೆ ಬೋಲ್ಟ್ ಹಾಕಿ ಬಿಗಿಸುವುದನ್ನು ಪ್ಲಂಬರಿಗೆ ಮೊದಲೇ ಹೇಳಿರಬೇಕು. ಮಿಶ್ರ ನೀರಿನ ಅಂಕಿಯನ್ನು ಮಾತ್ರ ನಂಬಿ ತೀರ್ಮಾನಿಸಬೇಡಿ, ನಲ್ಲಿ ನೀರು ನಿಂತ ವಾರಗಳಲ್ಲಿ ಟ್ಯಾಂಕಿಗೆ ಏರುವುದು ಬರೀ ಬೋರ್ ನೀರೇ.